ಬೆಣ್ಣೆ ಎಂದು ಬರೆದ ಉಣ್ಣೆ

ಜಾಹೀರಾತು ಬರೆಯುವ ಕೆಲಸಕ್ಕೆ ಸೇರಿ ಎರಡನೇ ವರ್ಷ. ಹುಬ್ಬಳ್ಳಿಯ ಒಂದು ಅಂಗಡಿಗೆ ಚಳಿಗಾಲದ ಕರಪತ್ರ ಬರೆದುಕೊಟ್ಟೆ. ಅಲ್ಲಿ ಸ್ವೆಟರ್, ಮಫ್ಲರ್, ಶಾಲುಗಳ ಪಕ್ಕದಲ್ಲೇ ಮೈಗೆ ಹಚ್ಚುವ ಲೋಶನ್‌ಗಳನ್ನೂ ಇಟ್ಟಿದ್ದರು. ನಾನು ಬೆಂಗಳೂರಿನಲ್ಲಿ ಕುಳಿತು, ಮಾಲಿನ ಫೋಟೊಗಳನ್ನಷ್ಟೇ ನೋಡಿ ಹೀಗೆ ಬರೆದೆ: ‘ಹಿಮಗಾಳಿಗೆ ಬೆಣ್ಣೆಯಂಥ ಉಣ್ಣೆಯ ಅಪ್ಪುಗೆ. ಇಬ್ಬನಿಯಂತೆ ತಂಪಾಗಿ ಇಳಿಯುವ ಲೋಶನ್.’

ಹತ್ತೇ ದಿನಕ್ಕೆ ಮಾಲೀಕರ ಫೋನ್ ಬಂತು. ಮಫ್ಲರ್‌ಗಳು ಒಂದೊಂದಾಗಿ ವಾಪಸ್ ಬರುತ್ತಿದ್ದವು. ಲೋಶನ್ ಬಾಟಲಿಗಳು ಇಟ್ಟಲ್ಲೇ ಇದ್ದವು. ರಾತ್ರಿ ಬಸ್ಸು ಹಿಡಿದು ಹೋದೆ.

ಬೆಳಿಗ್ಗೆ ಕೌಂಟರ್ ಹತ್ತಿರ ನಿಂತಿದ್ದಾಗ ವಯಸ್ಸಾದ ಅಮ್ಮ ಒಬ್ಬರು ಮಫ್ಲರ್ ಮರಳಿಸಲು ಬಂದರು. ಕರಪತ್ರವನ್ನೂ ಮಡಚಿ ತಂದಿದ್ದರು. ‘ಬೆಣ್ಣಿ ಅಂತ ಬರದೀರಿ. ಮೊಮ್ಮಗನ ಕುತ್ತಿಗಿ ಕೆಂಪಾಗೇತ್ರಿ, ಚುಚ್ಚತೈತಿ ಅಂತ ಅಳತಾನ.’ ಲೋಶನ್ ತೋರಿಸಿದಾಗ ಅವರು ಅದನ್ನು ಮುಟ್ಟಲೂ ಇಲ್ಲ. ‘ಈ ಥಂಡ್ಯಾಗ ಮತ್ತ ತಂಪು ಯಾಕ್ರಿ?’ ಎಂದು ಕೇಳಿ, ಮುಂಗೈ ಮೇಲೆ ಉಗುರಿನಿಂದ ಗೀಚಿದರು. ಬಿಳಿ ಗೀರು ಮೂಡಿತು. ‘ಇದು ಹೋಗತೈತೇನು, ಅದನ್ನ ಹೇಳ್ರಿ.’

ನನ್ನ ಬಳಿ ಉತ್ತರ ಇರಲಿಲ್ಲ. ಆ ಮಫ್ಲರನ್ನು ನಾನು ಕುತ್ತಿಗೆಗೆ ಸುತ್ತಿಕೊಂಡಿರಲಿಲ್ಲ, ಆ ಲೋಶನ್ನನ್ನು ಹಚ್ಚಿಕೊಂಡಿರಲೂ ಇಲ್ಲ. ಆ ಮಗುವಿನ ಕುತ್ತಿಗೆ ಕೆಂಪಾದದ್ದು ನನ್ನ ಒಂದು ಪದವನ್ನು ನಂಬಿ ಎಂಬುದು ಇಂದಿಗೂ ನೋಯಿಸುತ್ತದೆ.

ಮಫ್ಲರ್ ಸುತ್ತಿಕೊಂಡೇ ಅರ್ಧ ದಿನ ಅಂಗಡಿಯಲ್ಲಿ ಕಳೆದೆ. ಉಣ್ಣೆ ಚುಚ್ಚುವುದು ಎಳೆಯ ದಪ್ಪದಿಂದ. ಸುಮಾರು 30 ಮೈಕ್ರಾನ್ ದಾಟಿದ ಎಳೆಯ ತುದಿ ಚರ್ಮಕ್ಕೆ ತಾಗಿದಾಗ ಬಾಗದೆ ಒತ್ತುತ್ತದೆ. ಮೆರಿನೊ ಎಳೆ ಅದಕ್ಕಿಂತ ಬಹಳ ತೆಳು, ತಾಗಿದ ಕೂಡಲೇ ಬಾಗುತ್ತದೆ. ಆ ಮಫ್ಲರ್‌ಗಳದ್ದು ದಪ್ಪ ಎಳೆಯ ಉಣ್ಣೆ. ಅಂಗೈಗೆ ಅದು ತಿಳಿಯುವುದಿಲ್ಲ, ಅಲ್ಲಿನ ಚರ್ಮ ದಪ್ಪ. ಕುತ್ತಿಗೆಗೆ ತಕ್ಷಣ ತಿಳಿಯುತ್ತದೆ. ಆದರೆ ಗಿರಾಕಿಗಳು ಕೊಳ್ಳುವಾಗ ಅಂಗೈಯಿಂದ ಸವರಿ, ನನ್ನ ‘ಬೆಣ್ಣೆ’ಯನ್ನು ನಂಬಿ ಒಯ್ದಿದ್ದರು. ಅದೇ ಉಣ್ಣೆಗೆ ಬೇರೆ ಗುಣವಿತ್ತು. ಕಾಟನ್ ಅಂಗಿಯ ಕಾಲರ್ ಮೇಲೆ ಸುತ್ತಿದರೆ ಚುಚ್ಚಲಿಲ್ಲ, ಬಾಗಿಲಿನಿಂದ ಬರುತ್ತಿದ್ದ ಗಾಳಿ ಕಿವಿಗೆ ತಾಗಲಿಲ್ಲ.

‘ಹಿಮ’ವೂ ಸುಳ್ಳೇ. ಹುಬ್ಬಳ್ಳಿಯಲ್ಲಿ ಹಿಮ ಎಲ್ಲಿಂದ ಬರಬೇಕು? ಅಲ್ಲಿಯ ಚಳಿ ಬೆಳಗಿನ ಜಾವದ್ದು, ಬಿಸಿಲೇರಿದರೆ ಸ್ವೆಟರ್ ಕೈಗೆ ಬರುತ್ತದೆ. ಕಾಡುವುದು ಒಣಗಾಳಿ: ತುಟಿ ಒಡೆಯುತ್ತದೆ, ಹಿಮ್ಮಡಿ ಬಿರಿಯುತ್ತದೆ, ಬಿಸಿನೀರಿನ ಸ್ನಾನವಾದ ಮೇಲೆ ಮೈ ಬಿಗಿಯುತ್ತದೆ. ಲೋಶನ್‌ನಲ್ಲಿರುವ ಗ್ಲಿಸರಿನ್ ಚರ್ಮದಲ್ಲಿ ನೀರನ್ನು ಹಿಡಿದಿಡುತ್ತದೆ, ಜಿಡ್ಡಿನ ಅಂಶ ಆ ನೀರು ಆರದಂತೆ ತಡೆಯುತ್ತದೆ. ಹಾಗಾಗಿ ಮೈ ಇನ್ನೂ ಹಸಿಯಾಗಿರುವಾಗಲೇ ಹಚ್ಚಬೇಕು. ‘ಇಬ್ಬನಿಯ ತಂಪು’ ಬೇಸಿಗೆಯ ಮಾತು. ಚಳಿಯಲ್ಲಿ ಓದಿದವರ ಮೈ ಮೊದಲೇ ಹಿಂಜರಿಯುತ್ತದೆ.

ಅಂದು ಸಂಜೆ ಹೊಸದಾಗಿ ಬರೆದೆ: ‘ನಸುಕಿನಲ್ಲಿ ಹಾಲು ತರಲು ಹೊರಟಾಗ ಕಿವಿಗೆ ಗಾಳಿ ಬಿಡದ ದಪ್ಪ ಉಣ್ಣೆ. ಎಳೆ ಒರಟು, ಕಾಲರ್ ಮೇಲೆ ಸುತ್ತಿಕೊಳ್ಳಿ. ಮಕ್ಕಳ ಕುತ್ತಿಗೆಗೆ ತೆಳು ಎಳೆಯದನ್ನು ಕೇಳಿ.’ ಲೋಶನ್‌ಗೆ: ‘ಉಗುರು ಗೀಚಿದರೆ ಬಿಳಿ ಗೀರು ಬೀಳುತ್ತದೆಯೇ? ಸ್ನಾನವಾದ ಕೂಡಲೇ, ಮೈ ಹಸಿಯಿರುವಾಗ, ಅಂಗೈಯಲ್ಲಿ ಉಜ್ಜಿ ಬೆಚ್ಚಗೆ ಮಾಡಿ ಹಚ್ಚಿ. ಬಿಗಿತ ಸಡಿಲುತ್ತದೆ.’

‘ಒರಟು’ ಎಂಬ ಪದಕ್ಕೆ ಮಾಲೀಕರು ಒಪ್ಪಲಿಲ್ಲ. ವಾಪಸ್ ಬಂದ ಮಫ್ಲರ್‌ಗಳ ರಾಶಿಯನ್ನು ತೋರಿಸಿದ ಮೇಲೆ ಸುಮ್ಮನಾದರು. ‘ಒಡೆದ ಹಿಮ್ಮಡಿ ವಾಸಿಯಾಗುತ್ತದೆ’ ಎಂದಾದರೂ ಸೇರಿಸಿ ಎಂದರು. ಅದಕ್ಕೆ ನಾನು ಒಪ್ಪಲಿಲ್ಲ. ವಾಸಿ ಮಾಡುವುದು ಔಷಧಿಯ ಮಾತು, ಸೌಂದರ್ಯವರ್ಧಕದ್ದಲ್ಲ. ರಕ್ತ ಬರುವಷ್ಟು ಬಿರಿದ ಹಿಮ್ಮಡಿಯವರು ಅದನ್ನು ನಂಬಿ ವೈದ್ಯರ ಬಳಿ ಹೋಗದೆ ಉಳಿದುಬಿಟ್ಟರೆ?

ಆ ಋತು ಮುಗಿಯುವವರೆಗೆ ಚುಚ್ಚುತ್ತದೆಂದು ಮತ್ತೆ ಯಾರೂ ಮಫ್ಲರ್ ಹಿಂದಿರುಗಿಸಲಿಲ್ಲ. ಮಾರಾಟ ದಿಢೀರನೆ ಏರಲೂ ಇಲ್ಲ. ಆದರೆ ‘ಬಿಳಿ ಗೀರಿಂದು ಕೊಡ್ರಿ’ ಎಂದು ಲೋಶನ್ ಕೇಳುವವರು ಬರತೊಡಗಿದರು.

ಈಗ ಮಾಲು ಮನೆಗೆ ಬಾರದೆ ನಾನು ಬರೆಯುವುದಿಲ್ಲ. ಉಣ್ಣೆಯನ್ನು ಒಂದು ಗಂಟೆ ಬರಿ ಕುತ್ತಿಗೆಗೆ ಸುತ್ತಿಕೊಂಡು ಕೂರುತ್ತೇನೆ. ಲೋಶನ್ನನ್ನು ರಾತ್ರಿ ಒಂದೇ ಕೈಗೆ ಹಚ್ಚಿ, ಬೆಳಿಗ್ಗೆ ಎರಡೂ ಮುಂಗೈಗಳ ಮೇಲೆ ಉಗುರಿನಿಂದ ಗೀಚಿ ನೋಡುತ್ತೇನೆ.