ಹೆಸರಿನ ಹಾಳೆ ಮೊದಲು, ಬ್ಯಾನರ್ ಆಮೇಲೆ

ವಾರಾಂತ್ಯದ ಸಂತೆಯಲ್ಲಿ ಸ್ಟಾಲ್ ಹಾಕಲು ಹೊರಟವರು ಸಾಮಾನ್ಯವಾಗಿ ಮೊದಲು ಬ್ಯಾನರ್ ಬರೆಸುತ್ತಾರೆ. ಆಮೇಲೆ ರುಚಿ ನೋಡಲು ಎಷ್ಟು ಸ್ಯಾಂಪಲ್ ಒಯ್ಯಬೇಕೆಂದು ಲೆಕ್ಕ ಹಾಕುತ್ತಾರೆ. ಗಿರಾಕಿಗಳ ಹೆಸರು, ಫೋನ್ ನಂಬರ್ ಬರೆಸಿಕೊಳ್ಳುವ ಹಾಳೆಯನ್ನು ಮಾತ್ರ ಹೊರಡುವ ದಿನ ಬೆಳಿಗ್ಗೆ ಯಾವುದೋ ನೋಟುಪುಸ್ತಕದಿಂದ ಹರಿದುಕೊಳ್ಳುತ್ತಾರೆ. ಈ ಕ್ರಮ ತಿರುವುಮುರುವಾಗಬೇಕು ಎಂಬುದು ನನ್ನ ವಾದ. ಹಾಳೆಯಲ್ಲಿ ಏನು ಬರೆಸಬೇಕು, ಯಾಕೆ ಬರೆಸಬೇಕು ಎಂಬುದು ಮೊದಲು ತೀರ್ಮಾನವಾದರೆ, ಯಾವ ಸ್ಯಾಂಪಲ್ ಕೊಡಬೇಕು, ಬ್ಯಾನರಿನ ಮೇಲೆ ಯಾವ ಮಾತಿರಬೇಕು ಎಂಬುದು ಅದರಿಂದಲೇ ತಿಳಿಯುತ್ತದೆ. ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ಧಾರವಾಡದ ಕಡೆಯ ಐದಾರು ಹೆಣ್ಣುಮಕ್ಕಳ ಗುಂಪೊಂದು ಶೇಂಗಾ, ಅಗಸೆ, ಗುರೆಳ್ಳು ಎಂಬ ಮೂರು ಬಗೆಯ ಚಟ್ನಿಪುಡಿ ಮಾಡುತ್ತದೆ. ಬೆಂಗಳೂರಿನ ದೊಡ್ಡ ಅಪಾರ್ಟ್‌ಮೆಂಟ್ ಒಂದರ ಆವರಣದಲ್ಲಿ ಶನಿವಾರ, ಭಾನುವಾರ ನಡೆಯುವ ಸಂತೆಯಲ್ಲಿ ಅವರಿಗೆ ಒಂದು ಮೇಜಿನ ಜಾಗ ಸಿಕ್ಕಿದೆ.

ಈ ಗುಂಪಿನ ಲೆಕ್ಕವನ್ನು ಅಂದಾಜಿನಲ್ಲಿ ಹೀಗೆ ಹಾಕಬಹುದು. ಎರಡು ದಿನದ ಬಾಡಿಗೆ, ಬಸ್ಸು, ಸಾಗಣೆ ಎಲ್ಲ ಸೇರಿ 4,500 ರೂಪಾಯಿ. 200 ಗ್ರಾಮಿನ ಒಂದು ಪೊಟ್ಟಣಕ್ಕೆ ಖರ್ಚು ಕಳೆದು 45 ರೂಪಾಯಿ ಉಳಿಯುತ್ತದೆ. ಎರಡು ದಿನದಲ್ಲಿ 150 ಮಂದಿ ರುಚಿ ನೋಡಿ, 50 ಮಂದಿ ಕೊಂಡು, 75 ಪೊಟ್ಟಣ ಹೋದವು ಎಂದಿಟ್ಟುಕೊಳ್ಳಿ. ಆ ಬಾಬತ್ತಿನಲ್ಲಿ ಕೈಗೆ ಬರುವುದು 3,375 ರೂಪಾಯಿ. ಸ್ಯಾಂಪಲ್ಲಿನ ಖರ್ಚನ್ನೂ ಸೇರಿಸಿದರೆ ಸುಮಾರು 1,400 ರೂಪಾಯಿ ನಷ್ಟ. ವ್ಯಾಪಾರ ಚೆನ್ನಾಗಿ ನಡೆಯಿತು ಎಂದು ಎಲ್ಲರೂ ಹೇಳುವ ಸಂತೆಯಲ್ಲೂ ಇಂಥ ಲೆಕ್ಕ ಬರುವುದುಂಟು. ಅದೇ ಎರಡು ದಿನದಲ್ಲಿ 35 ಮಂದಿ ಹೆಸರು ಬರೆಸಿ, ಅವರಲ್ಲಿ 15 ಮನೆಗಳು ಮುಂದಿನ ತಿಂಗಳು ತಲಾ ಎರಡು ಪೊಟ್ಟಣ ಕೇಳಿದರೆ ಮತ್ತೆ 1,350 ರೂಪಾಯಿ ಬಂತು. ಒಂದೇ ಆವರಣದ ಮನೆಗಳಾದ್ದರಿಂದ ಎಲ್ಲರ ಪೊಟ್ಟಣಗಳನ್ನೂ ಒಟ್ಟಿಗೆ ಕಳಿಸಿ, ಆ ಖರ್ಚನ್ನು ಹಂಚಿ ತೆಗೆದುಕೊಳ್ಳಬಹುದು. ಹೀಗೆ ಮೊದಲ ಸುತ್ತಿನಲ್ಲೇ ನಷ್ಟ ಹೆಚ್ಚುಕಡಿಮೆ ತುಂಬುತ್ತದೆ, ಎರಡನೆಯ ಸುತ್ತಿನಿಂದ ಲಾಭ. ಸ್ಟಾಲಿನ ಹಣವನ್ನು ಸ್ಟಾಲಿನಲ್ಲೇ ಗಿಟ್ಟಿಸಲು ನೋಡುವುದಕ್ಕಿಂತ ಆ ಎರಡು ದಿನವನ್ನು ಪರಿಚಯದ ಖರ್ಚೆಂದು ಕಾಣುವುದೇ ಸರಿ ಎನ್ನಲು ನನಗಿರುವ ಮುಖ್ಯ ಆಧಾರ ಇದು. ಒಮ್ಮೆ ಕೊಂಡರೆ ಹತ್ತು ವರ್ಷ ಬಾಳುವ ಕಬ್ಬಿಣದ ಕಾವಲಿ ಮಾರುವವರಿಗೆ ಈ ವಾದ ಇಷ್ಟು ಬಲವಾಗಿ ಹೊಂದುವುದಿಲ್ಲ ಎಂಬುದನ್ನೂ ಹೇಳಬೇಕು. ಮುಗಿದು ಮತ್ತೆ ಬೇಕಾಗುವ ಪದಾರ್ಥಕ್ಕಷ್ಟೇ ಇದು.

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ. ಈಗ ನಂಬರ್ ಕೊಡಲು ಯಾರಿಗೂ ಮನಸ್ಸಿಲ್ಲ, ಕೊಟ್ಟವರಿಗೆ ದಿನಕ್ಕೆ ಹತ್ತು ಕರೆ ಬರುತ್ತವೆ ಎನ್ನುತ್ತಾರೆ. ಮಾತು ನಿಜ. ಬಿಲ್ ಮಾಡುವಾಗ ಗಿರಾಕಿಯ ಮೊಬೈಲ್ ನಂಬರ್ ಕೊಡಲೇಬೇಕೆಂದು ಒತ್ತಾಯಿಸಬಾರದು ಎಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರಲ್ಲಿ ಅಂಗಡಿಗಳಿಗೆ ಸೂಚನೆ ಕೊಡಬೇಕಾಯಿತೆಂದರೆ ಜನರ ಬೇಸರ ಎಷ್ಟಿತ್ತು ಎಂದು ತಿಳಿಯುತ್ತದೆ. ಆದರೆ ಈ ಬೇಸರ ಕಾರಣವಿಲ್ಲದೆ ನಂಬರ್ ಕೇಳುವವರ ಮೇಲಿನದು. ಕಾರಣವಿದ್ದರೆ ಜನ ತಾವಾಗಿಯೇ ಕೊಡುತ್ತಾರೆ. ಗ್ಯಾಸ್ ಬುಕ್ ಮಾಡುವಾಗ ಯಾರೂ ಹಿಂಜರಿಯುವುದಿಲ್ಲ. ಚಟ್ನಿಪುಡಿಯವರ ಬಳಿ ಅಂಥ ಕಾರಣ ಪದಾರ್ಥದ ಒಳಗೇ ಇದೆ. ಅಗಸೆಯಲ್ಲೂ ಗುರೆಳ್ಳಿನಲ್ಲೂ ಎಣ್ಣೆಯ ಅಂಶ ಹೆಚ್ಚು. ಇಡೀ ಕಾಳು ತಿಂಗಳುಗಟ್ಟಲೆ ಕೆಡದೆ ಇರುತ್ತದೆ, ಕುಟ್ಟಿ ಪುಡಿ ಮಾಡಿದ ಮೇಲೆ ಗಾಳಿ ತಾಗಿ ಎಣ್ಣೆ ಬೇಗ ಕೆಡುತ್ತದೆ, ಕಮಟು ವಾಸನೆ ಬರುತ್ತದೆ. ಆದ್ದರಿಂದ ಒಳ್ಳೆಯ ಪುಡಿಯನ್ನು ಸ್ವಲ್ಪಸ್ವಲ್ಪವಾಗಿ ಮಾಡಬೇಕು, ಕೊಳ್ಳುವವರೂ ಸ್ವಲ್ಪವೇ ಕೊಂಡು ಮತ್ತೆ ಹೊಸದನ್ನು ತರಿಸಬೇಕು. ಯಾವ ದಿನ ಹೊಸದಾಗಿ ಕುಟ್ಟುತ್ತಾರೆ ಎಂಬ ಸುದ್ದಿ ಗಿರಾಕಿಗೇ ಬೇಕಾದದ್ದು. ಹಾಗಾಗಿ ಹಾಳೆಯ ನೆತ್ತಿಯಲ್ಲಿ ಇರಬೇಕಾದ ವಾಕ್ಯ ಇದು: ‘ತಿಂಗಳಿಗೊಮ್ಮೆ ಹೊಸ ಪುಡಿ ಕುಟ್ಟುವ ಮುಂಚೆ ಒಂದೇ ಒಂದು ಮೆಸೇಜ್ ಕಳಿಸುತ್ತೇವೆ. ಬೇಡವೆಂದರೆ ಬೇಡ ಎಂದು ಬರೆಯಿರಿ, ಹೆಸರು ತೆಗೆಯುತ್ತೇವೆ.’ ಇದು ಬರಿಯ ಸೌಜನ್ಯವೂ ಅಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ, ಕಾಗದದ ಮೇಲೆ ಪಡೆದು ಆಮೇಲೆ ಫೋನಿಗೋ ಕಂಪ್ಯೂಟರಿಗೋ ಏರಿಸಿದ ವಿವರವೂ ಕಾಯ್ದೆಯೊಳಗೆ ಬರುತ್ತದೆ. ಯಾವ ಉದ್ದೇಶಕ್ಕೆ ಪಡೆಯುತ್ತೇವೆಂದು ಹೇಳಿ ಒಪ್ಪಿಗೆ ಪಡೆಯಬೇಕು, ಆ ಒಪ್ಪಿಗೆಯನ್ನು ಹಿಂದಕ್ಕೆ ಪಡೆಯಲು ದಾರಿ ಇರಬೇಕು. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿ ಹಂತಹಂತವಾಗಿ ಜಾರಿಗೆ ಬರುತ್ತಿವೆ.

ಹಾಳೆಯಲ್ಲಿ ಕಾಲಂ ಹೆಚ್ಚಾದಷ್ಟೂ ಬರೆಯುವವರು ಕಡಿಮೆಯಾಗುತ್ತಾರೆ. ಹೆಸರು, ಫೋನ್, ಮೂರರಲ್ಲಿ ಯಾವ ಪುಡಿ ಇಷ್ಟವಾಯಿತು ಎಂಬ ಗುರುತು, ಇಷ್ಟು ಸಾಕು. ವಿಳಾಸ, ಇಮೇಲ್, ಹುಟ್ಟಿದ ದಿನ ಯಾವುದೂ ಬೇಡ. ವಿಳಾಸವನ್ನು ಅವರು ಪುಡಿ ಕೇಳಿದ ದಿನ ಕೇಳಿದರಾಯಿತು. ಫೋನಿನ ಕಾಲಂನಲ್ಲಿ ಹತ್ತು ಚೌಕ ಎಳೆದಿಟ್ಟರೆ ಒಂಬತ್ತೇ ಅಂಕಿ ಬರೆದು ಹೋಗುವ ತೊಂದರೆ ತಪ್ಪುತ್ತದೆ. ಪುಟಕ್ಕೆ ಎಂಟೇ ಸಾಲಿರಲಿ. ಹಿಂದೆ ಬರೆದವರ ನಂಬರ್ ಮುಂದಿನವರಿಗೆ ಕಾಣದಂತೆ ಮೇಲೊಂದು ರಟ್ಟು ಇರಲಿ. ತುಂಬಿದ ಪುಟ ಕಂಡರೆ ಮುಂದಿನವರಿಗೆ ಧೈರ್ಯ ಬರುತ್ತದೆ, ಅದನ್ನೇಕೆ ಮುಚ್ಚಬೇಕು ಎಂದು ಕೇಳಬಹುದು. ಆ ಧೈರ್ಯಕ್ಕಾಗಿ ಒಂದು ಹೆಣ್ಣುಮಗಳ ನಂಬರನ್ನು ಸಂತೆಗೆ ಬಂದವರೆಲ್ಲರ ಕಣ್ಣಿಗೆ ಬೀಳಿಸುವುದು ಸರಿಯಲ್ಲ. ಇದರಲ್ಲಿ ನನಗೆ ಯಾವ ಅನುಮಾನವೂ ಇಲ್ಲ. ಎಲ್ಲರನ್ನೂ ಒಂದೇ ವಾಟ್ಸ್ಆ್ಯಪ್ ಗ್ರೂಪಿಗೆ ಸೇರಿಸುವುದೂ ಇದೇ ಕಾರಣಕ್ಕೆ ತಪ್ಪು. ಅಲ್ಲಿ ಪ್ರತಿಯೊಬ್ಬರ ನಂಬರೂ ಉಳಿದವರಿಗೆ ಸಿಗುತ್ತದೆ. ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ ಆ ತೊಂದರೆ ಇಲ್ಲ, ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಮೆಸೇಜ್ ತಲುಪುತ್ತದೆ. ಆದರೆ ಅದಕ್ಕೊಂದು ಕಟ್ಟು ಇದೆ. ಕಳಿಸುವವರ ನಂಬರನ್ನು ತಮ್ಮ ಫೋನಿನಲ್ಲಿ ಹೆಸರು ಹಾಕಿ ಉಳಿಸಿಕೊಂಡವರಿಗೆ ಮಾತ್ರ ಆ ಮೆಸೇಜ್ ಹೋಗುತ್ತದೆ. ಇದನ್ನು ತಿಳಿಯದ ಎಷ್ಟೋ ಸ್ಟಾಲಿನವರು, ಇಷ್ಟು ಜನ ಹೆಸರು ಬರೆಸಿದರು, ಒಬ್ಬರೂ ಉತ್ತರ ಕೊಡಲಿಲ್ಲ ಎಂದು ಜನರನ್ನು ದೂರುತ್ತಾರೆ. ಮೆಸೇಜ್ ಅವರನ್ನು ಮುಟ್ಟಿಯೇ ಇರುವುದಿಲ್ಲ. ಇದಕ್ಕೆ ಪರಿಹಾರ ಸ್ಟಾಲಿನಲ್ಲೇ ಆಗಬೇಕು. ಅವರು ಬರೆದು ಪೆನ್ನು ಇಡುವಷ್ಟರಲ್ಲಿ ಗುಂಪಿನ ಫೋನಿನಿಂದ ಒಂದು ಮೆಸೇಜ್ ಕಳಿಸಿ, ‘ಅಕ್ಕಾ, ಈಗ ಒಂದು ಮೆಸೇಜ್ ಬಂತಲ್ಲ, ಅದನ್ನ ಚಟ್ನಿಪುಡಿ ಅಂತ ಸೇವ್ ಮಾಡ್ಕೊಂಬಿಡ್ರಿ’ ಎನ್ನಬೇಕು. ಬರೆದ ನಂಬರ್ ಸರಿಯೇ ಎಂಬುದೂ ಅಲ್ಲೇ ಖಚಿತವಾಗುತ್ತದೆ.

ಹಣ ಯುಪಿಐ ಮೂಲಕ ಬರುವಾಗ ಗಿರಾಕಿಯ ಗುರುತು ಹೇಗೂ ಸಿಗುತ್ತದಲ್ಲ, ಹಾಳೆ ಏಕೆ ಎಂಬ ಪ್ರಶ್ನೆಯೂ ಉಂಟು. ಕೆಲವರ ಯುಪಿಐ ಐಡಿಯಲ್ಲೇ ಫೋನ್ ನಂಬರ್ ಕಾಣುವುದು ನಿಜ. ಅವರು ಅದನ್ನು ಕೊಟ್ಟದ್ದು ದುಡ್ಡು ಸಂದಾಯಕ್ಕೆ, ಮಾತುಕತೆಗಲ್ಲ. ಹಾಗೆ ಹೆಕ್ಕಿದ ನಂಬರಿಗೆ ಮೆಸೇಜ್ ಹೋದರೆ ಆ ಮನೆ ಮತ್ತೆ ಸ್ಟಾಲಿನ ಹತ್ತಿರ ಸುಳಿಯುವುದಿಲ್ಲ. ಅಲ್ಲದೆ ಆ ದಿನ ರುಚಿ ನೋಡಿ ಮೆಚ್ಚಿ, ಮನೆಯಲ್ಲಿ ಇನ್ನೂ ಹಳೆಯ ಪುಡಿ ಇದೆ ಎಂದು ಕೊಳ್ಳದೆ ಹೋದವರು ಯುಪಿಐ ಲೆಕ್ಕದಲ್ಲಿ ಬರುವುದೇ ಇಲ್ಲ. ಮುಂದಿನ ತಿಂಗಳಿನ ಒಳ್ಳೆಯ ಗಿರಾಕಿಗಳು ಅವರಲ್ಲಿದ್ದಾರೆ.

ಹಾಳೆ ಹೀಗೆಂದು ನಿಶ್ಚಯವಾದರೆ ಸ್ಯಾಂಪಲ್ಲಿನ ಕೆಲಸವೂ ಸ್ಪಷ್ಟವಾಗುತ್ತದೆ: ಹೊಸ ಪುಡಿಗೂ ಅಂಗಡಿಯ ಹಳೆಯ ಪುಡಿಗೂ ಇರುವ ವ್ಯತ್ಯಾಸವನ್ನು ನಾಲಿಗೆಗೆ ತಿಳಿಸುವುದು. ಖಾಲಿ ಪುಡಿಯನ್ನು ಅಂಗೈಗೆ ಹಾಕಿದರೆ ಖಾರ ಬಿಟ್ಟು ಬೇರೇನೂ ಗೊತ್ತಾಗದು. ಕಡಕ್ ಜೋಳದ ರೊಟ್ಟಿಯ ಚೂರಿನ ಮೇಲೆ ಒಂದು ತೊಟ್ಟು ಎಣ್ಣೆಯೋ ಗಟ್ಟಿ ಮೊಸರೋ, ಅದರ ಮೇಲೆ ಎರಡು ಗ್ರಾಮಿನಷ್ಟು ಪುಡಿ ಹಾಕಿ ಕೊಡಬೇಕು. 150 ಮಂದಿಗೆ 300 ಗ್ರಾಮ್ ಪುಡಿ ಸಾಕು. ಒಂದು ರೊಟ್ಟಿಗೆ ಎಂಟು ಚೂರಾದರೆ 19 ರೊಟ್ಟಿ ಬೇಕು, ಪುಡಿಯಾಗುವುದನ್ನೂ ಎಣಿಸಿ 25 ಒಯ್ಯಬಹುದು. ಒಟ್ಟು ಖರ್ಚು ಮುನ್ನೂರರ ಆಸುಪಾಸು. ಶೇಂಗಾ ಒಗ್ಗದವರು ಇರುವುದರಿಂದ ಮೂರಕ್ಕೂ ಬೇರೆಬೇರೆ ಚಮಚ ಇರಬೇಕು, ಕೊಡುವ ಮುಂಚೆ ಹೆಸರು ಹೇಳಿ ಕೊಡಬೇಕು. ಎಂಟು ಹತ್ತು ಬಗೆ ಇಟ್ಟರೆ ಜನ ಹೆಚ್ಚು ಸೇರುವುದಿಲ್ಲವೇ ಎನ್ನಬಹುದು. ಶೀನಾ ಅಯ್ಯಂಗಾರ್ ಮತ್ತು ಮಾರ್ಕ್ ಲೆಪ್ಪರ್ 2000ದಲ್ಲಿ ಪ್ರಕಟಿಸಿದ ಜಾಮ್ ಪ್ರಯೋಗ ಇದೇ ಪ್ರಶ್ನೆಯದು. ಕ್ಯಾಲಿಫೋರ್ನಿಯಾದ ಒಂದು ಅಂಗಡಿಯಲ್ಲಿ 24 ಬಗೆಯ ಜಾಮ್ ಇಟ್ಟಾಗ ಹಾದುಹೋಗುವವರಲ್ಲಿ ನೂರಕ್ಕೆ 60 ಮಂದಿ ನಿಂತರು, 6 ಬಗೆ ಇಟ್ಟಾಗ 40 ಮಂದಿ. ಆದರೆ ನಿಂತವರಲ್ಲಿ ಕೊಂಡವರು ಮೊದಲ ಸಲ ನೂರಕ್ಕೆ ಮೂವರು, ಎರಡನೆಯ ಸಲ ಮೂವತ್ತು. ಆಮೇಲೆ ಬೇರೆಯವರು ಮಾಡಿದ ಪ್ರಯೋಗಗಳೆಲ್ಲ ಇದೇ ಫಲ ಕೊಡಲಿಲ್ಲ, ಆದ್ದರಿಂದ ಇದನ್ನೇ ಸೂತ್ರವೆಂದು ಹಿಡಿಯಬಾರದು. ಚಟ್ನಿಪುಡಿಗೆ ಮೂರೇ ಸಾಕೆನ್ನಲು ಇನ್ನೂ ಸರಳವಾದ ಕಾರಣವಿದೆ: ಬೆಳ್ಳುಳ್ಳಿ, ಒಣಮೆಣಸಿನಕಾಯಿ ತಾಗಿದ ನಾಲಿಗೆಗೆ ನಾಲ್ಕನೆಯದರ ರುಚಿ ಬೇರೆಯಾಗಿ ತಿಳಿಯುವುದಿಲ್ಲ. ಇನ್ನು, ನಂಬರ್ ಬರೆದರೆ ಮಾತ್ರ ರುಚಿ ಎಂಬ ಷರತ್ತು ಬೇಡವೇ ಬೇಡ. ಹಾಗೆ ಬರೆಸಿದರೆ ಹಾಳೆ ತುಂಬುತ್ತದೆ, ತುಂಬಿದವರಿಗೆ ಪುಡಿ ಬೇಕಿರುವುದಿಲ್ಲ. ಮೊದಲು ತಿನ್ನಲಿ, ಮುಖ ಅರಳಿದ್ದು ಕಂಡರೆ ಆಗ ಹಾಳೆಯ ಮಾತು ತೆಗೆಯಬೇಕು. ಮೇಜಿನ ಹಿಂದೆ ಇಬ್ಬರು ಇರಲೇಬೇಕೆನ್ನುವುದು ಇದಕ್ಕೇ, ಒಬ್ಬರು ರೊಟ್ಟಿಗೆ, ಒಬ್ಬರು ಹಾಳೆಗೂ ಹಣಕ್ಕೂ.

ಬ್ಯಾನರಿಗೆ ಉಳಿಯುವ ಕೆಲಸ ಚಿಕ್ಕದು. ಕರ್ನಾಟಕದಲ್ಲಿ ಪ್ಲಾಸ್ಟಿಕ್ ಫ್ಲೆಕ್ಸ್‌ಗೆ 2016ರಿಂದಲೇ ನಿಷೇಧವಿದೆ, ಆದ್ದರಿಂದ ಬಟ್ಟೆಯದೇ ಬರೆಸಬೇಕು. ಹತ್ತು ಅಡಿ ದೂರಕ್ಕೆ ಒಂದು ಇಂಚು ಎತ್ತರದ ಅಕ್ಷರ ಎಂಬುದು ಫಲಕ ಬರೆಯುವವರ ರೂಢಿಯ ಅಳತೆ. ಇಪ್ಪತ್ತು ಅಡಿಯಿಂದ ಓದಲು ಎರಡು ಇಂಚು ಸಾಕೆನಿಸುತ್ತದೆ. ಆದರೆ ‘ಚಟ್ನಿ’ಯ ಒತ್ತಕ್ಷರ ಮೇಲಿನ ಅಕ್ಷರದ ಅರ್ಧದಷ್ಟೂ ಇರುವುದಿಲ್ಲ, ಅದು ಕಾಣಬೇಕಾದರೆ ಮೇಲಿನದು ನಾಲ್ಕು ಇಂಚಾದರೂ ಇರಬೇಕು, ಸಾಲುಗಳ ನಡುವೆ ಜಾಗವೂ ಬೇಕು. ಮೇಜಿನ ಮುಂದೆ ನಾಲ್ವರು ನಿಂತರೆ ಕೆಳಗಿನದೆಲ್ಲ ಮರೆಯಾಗುವುದರಿಂದ ಬ್ಯಾನರಿನ ಕೆಳಅಂಚು ಆಳೆತ್ತರಕ್ಕಿಂತ ಮೇಲಿರಬೇಕು. ಮಾತು ಎರಡೇ ಸಾಲು: ‘ಧಾರವಾಡದ ಚಟ್ನಿಪುಡಿ’, ಅದರ ಕೆಳಗೆ ‘ಪ್ರತಿ ತಿಂಗಳು ಹೊಸದಾಗಿ ಕುಟ್ಟಿದ್ದು’. ಹಾಳೆಯಲ್ಲಿ ಹೇಳಲಿರುವ ಮಾತನ್ನೇ ಎರಡನೆಯ ಸಾಲು ದೂರದಿಂದ ಹೇಳಿರುತ್ತದೆ. ಆಹಾರ ಸುರಕ್ಷತಾ ನೋಂದಣಿಯ ಸಂಖ್ಯೆ ಬ್ಯಾನರಿಗೆ ಬೇಡ, ಅದು ಪೊಟ್ಟಣದ ಮೇಲೂ ಮೇಜಿನ ಮೇಲಿನ ಚೌಕಟ್ಟಿನಲ್ಲೂ ಇರಲಿ.

ಭಾನುವಾರ ಸಂಜೆ ಗಂಟು ಕಟ್ಟುವಾಗ ಉಳಿದ ರೊಟ್ಟಿ ಎಣಿಸಿದರೆ ಎಷ್ಟು ಮಂದಿ ರುಚಿ ನೋಡಿದರು ಎಂದು ತಿಳಿಯುತ್ತದೆ, ಪೊಟ್ಟಣ ಎಣಿಸಿದರೆ ವ್ಯಾಪಾರ ತಿಳಿಯುತ್ತದೆ. ಜನ ಹಾದುಹೋದರು, ನಿಲ್ಲಲಿಲ್ಲ ಎಂದಾದರೆ ತಪ್ಪು ಬ್ಯಾನರಿನದು ಅಥವಾ ಸಿಕ್ಕ ಜಾಗದ್ದು. ತಿಂದವರು ಬರೆಸದೆ ಹೋಗಿದ್ದರೆ ಹಾಳೆಯ ನೆತ್ತಿಯ ವಾಕ್ಯವನ್ನೂ ಅದನ್ನು ಹೇಳಿದ ರೀತಿಯನ್ನೂ ನೋಡಬೇಕು. ಬರೆಸಿದವರು ಕೇಳದಿದ್ದರೆ, ಮೊದಲ ಮೆಸೇಜ್ ಹೋಗುವಷ್ಟರಲ್ಲಿ ಅವರು ಸ್ಟಾಲನ್ನೇ ಮರೆತಿರಬಹುದು. ಅದಕ್ಕೇ ಎರಡು ದಿನದೊಳಗೆ, ಮುಂದಿನ ಸಲ ಕುಟ್ಟುವ ತಾರೀಖು ಮತ್ತು ಅವರು ಗುರುತು ಹಾಕಿದ ಪುಡಿಯ ಹೆಸರು ಇರುವ ಒಂದು ಸಾಲು ಹೋಗಬೇಕು. ಅಗಸೆ ಮೆಚ್ಚಿದವರಿಗೆ ಅಗಸೆಯ ಸುದ್ದಿ ಮಾತ್ರ. ಮೂರು ತಿಂಗಳು ಸುಮ್ಮನಿದ್ದವರನ್ನು ಒಮ್ಮೆ ಕೇಳಿ ಪಟ್ಟಿಯಿಂದ ತೆಗೆಯಬಹುದು. ಎಲ್ಲ ನಂಬರೂ ಫೋನಿಗೆ ಏರಿ ಸರಿಯಾಗಿದೆ ಎಂದು ಖಚಿತವಾದ ಮೇಲೆ ಆ ಕಾಗದದ ಪುಟಗಳನ್ನು ಹರಿದುಹಾಕಬೇಕು, ಮುಂದಿನ ಸಂತೆಯಲ್ಲಿ ಪೊಟ್ಟಣ ಸುತ್ತಲು ಇಟ್ಟುಕೊಳ್ಳಬಾರದು.