36ರ ಬ್ಲೌಸಿನ ಒಳಗೆ ಎಷ್ಟು ಬಟ್ಟೆ ಇದೆ?

ಸಂಕ್ರಾಂತಿಯಿಂದ ರಥಸಪ್ತಮಿಯವರೆಗೆ ನಮ್ಮ ಘಣಸೋಲಿಯಲ್ಲಿ ಅರಿಶಿನ ಕುಂಕುಮದ ಸುಗ್ಗಿ. ಮರಾಠಿ ನೆರೆಯವರು ಕರೆಯುತ್ತಾರೆ, ನಾವೂ ಕರೆಯುತ್ತೇವೆ. ಆ ದಿನಗಳಲ್ಲಿ ನನ್ನ ಹೊಲಿಗೆ ಮಷಿನ್ನಿಗೆ ಬಿಡುವಿಲ್ಲ. ಹೊಸದಾಗಿ ಹೊಲಿಸುವವರು ಈಗ ಕಡಿಮೆ. ಠಾಣೆಯಲ್ಲೋ ದಾದರಿನಲ್ಲೋ ರೆಡಿಮೇಡ್ ಬ್ಲೌಸ್ ಕೊಂಡು, ಟ್ರಾನ್ಸ್ ಹಾರ್ಬರ್ ಗಾಡಿ ಹಿಡಿದು ಬಂದು, "ಸ್ವಲ್ಪ ಬಿಗಿ ಆಗ್ತಿದೆ, ಬಿಚ್ಚಿ ಕೊಡ್ತೀರಾ?" ಎಂದು ಕೇಳುವವರೇ ಹೆಚ್ಚು. ಹದಿನಾಲ್ಕು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ. ಬ್ಲೌಸಿನ ಕುತ್ತಿಗೆಯ ಹಿಂದೆ ಅಂಟಿಸಿದ ಆ ಪುಟ್ಟ ನಂಬರು ಹೆಂಗಸರನ್ನು ಎಷ್ಟು ಗೊಂದಲಕ್ಕೆ ಹಾಕುತ್ತದೆ ಎಂದು ದಿನಾ ನೋಡುತ್ತೇನೆ.

32, 34, 36, 38, 40. ಇವೆಲ್ಲ ಇಂಚುಗಳು, ಎದೆಯ ಸುತ್ತಳತೆಗೆ ಸಂಬಂಧಪಟ್ಟವು. ಇಷ್ಟು ಎಲ್ಲರಿಗೂ ಗೊತ್ತು. ಆದರೆ ಯಾವುದರ ಇಂಚು ಎಂಬಲ್ಲಿ ಒಬ್ಬೊಬ್ಬ ತಯಾರಕರದು ಒಂದೊಂದು ರೀತಿ. ಕೆಲವರು 36 ಎಂದು ಬರೆದರೆ, 36 ಇಂಚು ಎದೆಯಿರುವ ಹೆಂಗಸಿಗೆ ಇದು ಸರಿಹೋಗುತ್ತದೆ ಎಂದರ್ಥ. ಬ್ಲೌಸ್ ಅದಕ್ಕಿಂತ ಒಂದೆರಡು ಇಂಚು ದೊಡ್ಡದೇ ಇರುತ್ತದೆ, ಉಸಿರಾಡಲು, ಕೈ ಎತ್ತಲು ಜಾಗ ಬೇಕಲ್ಲ. ಇನ್ನು ಕೆಲವರದು ಬ್ಲೌಸೇ 36 ಇಂಚು. ಅದನ್ನು 36 ಇಂಚಿನ ಮೈಗೆ ಹಾಕಿದರೆ ಹುಕ್ಕುಗಳ ನಡುವೆ ಬಾಯಿ ಬಿಡುತ್ತದೆ. ಮೂರನೆಯ ಪಂಗಡದವರು ಬ್ಲೌಸನ್ನು ಚಿಕ್ಕದಾಗಿ ಹೊಲಿದು, ಬದಿಯಲ್ಲಿ ಧಾರಾಳ ಬಟ್ಟೆ ಬಿಟ್ಟು, ಬಿಚ್ಚಿದ ಮೇಲೆ ಎಷ್ಟಾಗುತ್ತದೋ ಆ ನಂಬರು ಹಾಕುತ್ತಾರೆ. ಮೂರೂ ಒಂದೇ ಅಂಗಡಿಯ ಒಂದೇ ಹ್ಯಾಂಗರಿನಲ್ಲಿ ತೂಗುತ್ತಿರಬಹುದು.

ಇದರ ಮೇಲೆ ಇನ್ನೊಂದು ಗೊಂದಲವಿದೆ, ಅದನ್ನು ಹೆಂಗಸರು ಬಾಯಿಬಿಟ್ಟು ಹೇಳುವುದಿಲ್ಲ. ಒಳ ಉಡುಪಿನ ನಂಬರನ್ನೇ ಬ್ಲೌಸಿಗೂ ಹೇಳುತ್ತಾರೆ. ಬ್ರಾ ಮೇಲಿನ 34 ಎಂಬುದು ಪಟ್ಟಿಯ ಲೆಕ್ಕ, ಎದೆಯ ತುಂಬಿದ ಭಾಗದ ಸುತ್ತಳತೆಯಲ್ಲ. ಪಕ್ಕದ ಎ, ಬಿ, ಸಿ ಅಕ್ಷರ ಉಳಿದದ್ದನ್ನು ಹೇಳುತ್ತದೆ. ಒಂದೊಂದು ಅಕ್ಷರಕ್ಕೆ ಸುಮಾರು ಒಂದು ಇಂಚು. 34 ಬಿ ಹಾಕುವವರ ಎದೆ ಸುಮಾರು 36 ಇಂಚು. ಅವರು ಅಂಗಡಿಯಲ್ಲಿ 34ರ ಬ್ಲೌಸ್ ಕೇಳಿದರೆ ಅಲ್ಲೇ ಒಂದು ಸೈಜು ಕಡಿಮೆಯಾಯಿತು.

ಕಳೆದ ಜನವರಿಯಲ್ಲಿ ನಮ್ಮ ಬಿಲ್ಡಿಂಗಿನ ಬಾಗಲಕೋಟೆ ಕಡೆಯ ಅಕ್ಕ ಒಬ್ಬರು ಖಣದ ರೆಡಿಮೇಡ್ ಬ್ಲೌಸ್ ತಂದರು. ಗುಳೇದಗುಡ್ಡದ ಖಣ ಎಂದರೆ ಅವರಿಗೆ ತವರೇ ಬಂದಂತೆ. ಇಳಕಲ್ ಸೀರೆಯ ಮೇಲೆ ಅದನ್ನೇ ಉಟ್ಟು ಅರಿಶಿನ ಕುಂಕುಮ ಮಾಡಬೇಕೆಂಬ ಆಸೆ. ಮಗನ ಮದುವೆಯಾದ ಮೇಲೆ ಮೊದಲ ಸಂಕ್ರಾಂತಿ, ಸೊಸೆಯ ಕಡೆಯವರೂ ಬರುವವರಿದ್ದರು. ಬ್ಲೌಸಿನ ಮೇಲೆ 36 ಎಂದಿತ್ತು. ಹುಕ್ಕು ಹತ್ತಿರಕ್ಕೂ ಬರಲಿಲ್ಲ.

"ನನಗ ಮೂವತ್ತಾರೇ ಬರತೈತಿ ತಂಗಿ, ಇಪ್ಪತ್ತ ವರ್ಷಾತು," ಅಂದರು. ಧ್ವನಿ ಸಣ್ಣದಾಗಿತ್ತು. ಅದರ ಹಿಂದಿನ ವರ್ಷ ಅವರಿಗೆ ಥೈರಾಯ್ಡ್ ಕಾಣಿಸಿಕೊಂಡಿತ್ತು, ಮೈ ಬದಲಾಗಿತ್ತು. ದೊಡ್ಡ ನಂಬರು ಕೇಳಲು ಅಂಗಡಿಯ ಹುಡುಗನ ಎದುರು ನಾಚಿಕೆಯಾಗಿತ್ತಂತೆ.

"ನಂಬರ್ ಬಿಡ್ರಿ ಅಕ್ಕಾರ, ಟೇಪ್ ಏನ್ ಹೇಳತೈತಿ ನೋಡೂಣು," ಅಂದೆ.

ಮೊದಲು ಮೈ ಅಳತೆ. ಸೀರೆಯ ದಿನ ಯಾವ ಬ್ರಾ ಹಾಕುತ್ತಾರೋ ಅದನ್ನೇ ಹಾಕಿಕೊಂಡು, ಎದೆಯ ಅತಿ ತುಂಬಿದ ಭಾಗದಲ್ಲಿ, ಬೆನ್ನಿನ ಕಡೆ ಟೇಪು ಜಾರದಂತೆ ನೆಲಕ್ಕೆ ಸಮನಾಗಿ ಹಿಡಿದು, ಒಂದು ಬೆರಳು ಒಳಗೆ ಹೋಗುವಷ್ಟು ಸಡಿಲ ಬಿಟ್ಟು ನೋಡಿದೆ: 38 ಇಂಚು. ಖಣ ಹಿಗ್ಗುವ ಬಟ್ಟೆಯಲ್ಲ. ಕನಿಷ್ಠ ಒಂದು ಇಂಚಾದರೂ ಹೆಚ್ಚು ಬೇಕು. ಅಂದರೆ ಅವರಿಗೆ ಬೇಕಾದ ಬ್ಲೌಸ್ 39 ಇಂಚು.

ಆಮೇಲೆ ಬ್ಲೌಸಿನ ಅಳತೆ. ಇದನ್ನು ಬಹಳ ಜನ ಕಂಕುಳಿನಿಂದ ಕಂಕುಳಿಗೆ ಅಳೆದು ಎರಡರಿಂದ ಗುಣಿಸುತ್ತಾರೆ. ಕುರ್ತಾಗೆ ಅದು ಸರಿ. ಬ್ಲೌಸಿನ ಮುಂಭಾಗದಲ್ಲಿ ಡಾರ್ಟ್ ಹಾಕಿ ಉಬ್ಬು ಮಾಡಿರುತ್ತಾರೆ, ಅದು ಮೇಜಿನ ಮೇಲೆ ಚಪ್ಪಟೆ ಮಲಗುವುದಿಲ್ಲ. ಅದಕ್ಕೇ ನಾನು ಹುಕ್ಕು ಹಾಕಿ ಒಳಗಿನಿಂದ ಅಳೆಯುತ್ತೇನೆ. ಬೆನ್ನಿನ ಕಡೆ ಒಂದು ಬದಿಯ ಹೊಲಿಗೆಯಿಂದ ಇನ್ನೊಂದಕ್ಕೆ ಹದಿನೇಳೂವರೆ ಇಂಚು. ಮುಂದೆ, ಉಬ್ಬಿನ ಮೇಲೆ ಟೇಪು ಹಾಯಿಸಿ, ಹತ್ತೊಂಬತ್ತೂವರೆ. ಒಟ್ಟು 37. ಇದು ಮೊದಲನೆಯ ಪಂಗಡದ ಬ್ಲೌಸು, 36ರ ಮೈಗೆ ಒಂದು ಇಂಚು ಸಡಿಲ ಇಟ್ಟು ಹೊಲಿದದ್ದು. ಬೇಕಾದ್ದು 39, ಇರುವುದು 37. ಕೊರತೆ ಎರಡು ಇಂಚು.

ಎರಡು ಇಂಚು ಬಿಡಲು ಹೊಲಿಗೆಯನ್ನು ಎಷ್ಟು ಸರಿಸಬೇಕು? ಎಲ್ಲರೂ ಒಂದೊಂದು ಬದಿಗೆ ಒಂದು ಇಂಚು ಎನ್ನುತ್ತಾರೆ. ಅಲ್ಲ, ಅರ್ಧ ಇಂಚು ಸಾಕು. ಪ್ರತಿ ಬದಿಯಲ್ಲೂ ಮುಂದಿನದೊಂದು, ಹಿಂದಿನದೊಂದು, ಹೀಗೆ ಎರಡು ಪದರ ಸೇರಿರುತ್ತವೆ. ಹೊಲಿಗೆ ಅರ್ಧ ಇಂಚು ಹೊರಗೆ ಸರಿದರೆ ಎರಡೂ ಪದರಕ್ಕೆ ಅರ್ಧರ್ಧ ಸಿಗುತ್ತದೆ, ಒಂದು ಬದಿಗೆ ಒಂದು ಇಂಚಾಯಿತು. ಎರಡು ಬದಿಗೆ ಎರಡು ಇಂಚು. ಅರ್ಧ ಇಂಚು ಸರಿಸಿದರೆ ಸರಿಯಾಗಿ ಒಂದು ಸೈಜು ಏರುತ್ತದೆ. ಈ ಒಂದು ಲೆಕ್ಕ ನೆನಪಿಟ್ಟರೆ ಅಂಗಡಿಯಲ್ಲೇ ನಿಂತು ತೀರ್ಮಾನ ಮಾಡಬಹುದು.

ಬ್ಲೌಸನ್ನು ಒಳಗು ಹೊರಗು ಮಾಡಿ, ಕಂಕುಳಿನ ಕೆಳಗೆ ಹೊಲಿಗೆಯಿಂದ ಬಟ್ಟೆಯ ಅಂಚಿನವರೆಗೆ ನೋಡಿ. ನಾವು ಮಾರ್ಜಿನ್ ಎನ್ನುವುದು ಅದಕ್ಕೆ. ಅದಷ್ಟನ್ನೂ ಬಳಸುವ ಹಾಗಿಲ್ಲ. ಓವರ್‌ಲಾಕ್ ಅಂಚಿನಿಂದ ಕಾಲು ಇಂಚಾದರೂ ಬಿಡಬೇಕು, ಖಣ, ರೇಷ್ಮೆಯಂಥ ಎಳೆ ಬಿಡುವ ಬಟ್ಟೆಗೆ ಅರ್ಧ ಇಂಚು. ಇಲ್ಲದಿದ್ದರೆ ಕೈ ಎತ್ತಿದಾಗ ಬದಿ ಹರಿಯುತ್ತದೆ. ಅಕ್ಕನ ಬ್ಲೌಸಿನಲ್ಲಿ ಒಂದು ಇಂಚು ಇತ್ತು. ಅರ್ಧ ಬಳಸಬಹುದು, ಅರ್ಧ ಉಳಿಯುತ್ತದೆ. ಬೇಕಾದದ್ದೂ ಅಷ್ಟೇ. ಒಂದೂವರೆ ಇಂಚು ಇದ್ದಿದ್ದರೆ ಎರಡು ಸೈಜು ಏರಿಸಬಹುದಿತ್ತು. ಅಗ್ಗದ ಕೆಲವು ಬ್ಲೌಸುಗಳಲ್ಲಿ ಅರ್ಧ ಇಂಚಿಗೇ ಓವರ್‌ಲಾಕ್ ಹೊಡೆದಿರುತ್ತಾರೆ. ಅವುಗಳನ್ನು ಬಿಚ್ಚಿ ದೊಡ್ಡದು ಮಾಡುವ ಆಸೆ ಬೇಡ.

ಎದೆಯ ಲೆಕ್ಕ ಮುಗಿಯಿತು ಎಂದು ಹಣ ಕೊಡಬೇಡಿ, ತೋಳು ನೋಡಿ. ನನ್ನ ಅನುಭವದಲ್ಲಿ ಆಲ್ಟರೇಷನ್ ಸೋಲುವುದು ಅಲ್ಲೇ. ತೋಳಿಗೆ ಇರುವುದು ಒಂದೇ ಹೊಲಿಗೆ. ಹಾಗಾಗಿ ಅರ್ಧ ಇಂಚು ಸರಿಸಿದರೆ ತೋಳಿಗೆ ಸಿಗುವುದು ಒಂದೇ ಇಂಚು, ಎದೆಗೆ ಸಿಕ್ಕಿದ್ದರ ಅರ್ಧ. ಅಕ್ಕನ ತೋಳು 13 ಇಂಚು, ಬ್ಲೌಸಿನ ತೋಳು ಹನ್ನೆರಡೂವರೆ. ಬಿಚ್ಚಿದ ಮೇಲೆ ಹದಿಮೂರೂವರೆ. ಸರಿಹೋಯಿತು, ಆದರೆ ಅಷ್ಟಕ್ಕಷ್ಟೇ. ತೋಳಿನ ತುದಿಯಲ್ಲಿ ಮಾರ್ಜಿನ್ ಮುಕ್ಕಾಲು ಇಂಚು ಮಾತ್ರ ಇತ್ತು. ಇನ್ನೂ ಒಂದು ಸೈಜು ಬೇಕೆಂದಿದ್ದರೆ ಬದಿಯಲ್ಲಿ ಬಟ್ಟೆ ಇದ್ದರೂ ತೋಳಿನಲ್ಲಿ ಇರುತ್ತಿರಲಿಲ್ಲ.

ಬದಿ ಬಿಚ್ಚುವುದರಿಂದ ಬದಲಾಗದ ಸಂಗತಿಗಳೂ ಇವೆ. ಭುಜದ ಅಗಲ, ಕುತ್ತಿಗೆಯ ಆಳ, ಡಾರ್ಟಿನ ತುದಿ, ಕಟೋರಿ ಬ್ಲೌಸಾದರೆ ಕಟೋರಿಯ ಅಳತೆ, ಇವು ಇದ್ದಲ್ಲೇ ಇರುತ್ತವೆ. ಹಾಕಿಕೊಂಡಾಗ ಬಿಗಿತ ಕಂಕುಳಿನ ಬಳಿ ಅಡ್ಡ ನೆರಿಗೆಯಾಗಿ ಕಂಡರೆ ಬದಿ ಬಿಚ್ಚಿದರೆ ಹೋಗುತ್ತದೆ. ಬಿಗಿತ ಎದೆಯ ಮೇಲೇ ಇದ್ದು, ಡಾರ್ಟಿನ ತುದಿ ತುಂಬಿದ ಭಾಗಕ್ಕಿಂತ ಮೇಲೆ ನಿಂತಿದ್ದರೆ, ಎಷ್ಟು ಬಿಚ್ಚಿದರೂ ಹುಕ್ಕಿನ ಪಟ್ಟಿ ಎಳೆಯುತ್ತಲೇ ಇರುತ್ತದೆ. ಹಾಗಾದರೆ ಎರಡು ಸೈಜು ದೊಡ್ಡದು ಕೊಂಡು ಬದಿ ಹಿಡಿಸಿದರಾಯಿತಲ್ಲ ಎನ್ನಬಹುದು. ಆಗ ಭುಜ ಜಾರುತ್ತದೆ, ಕುತ್ತಿಗೆ ಬಾಯಿ ಬಿಡುತ್ತದೆ. ಆದ್ದರಿಂದ ಮೊದಲು ಭುಜಕ್ಕೆ, ಎದೆಯ ಮುಂಭಾಗಕ್ಕೆ ಸರಿಯಾಗುವುದನ್ನು ಆರಿಸಿ. ಬದಿಯ ಕೊರತೆಯನ್ನು ಮಾರ್ಜಿನ್ ನೋಡಿಕೊಳ್ಳುತ್ತದೆ. ಅಕ್ಕನಿಗೆ ಭುಜವೂ ಡಾರ್ಟೂ ಸರಿಯಿದ್ದವು, ಅದಕ್ಕೇ ಬ್ಲೌಸ್ ವಾಪಸ್ ಕೊಡಿ ಎನ್ನಲಿಲ್ಲ.

ಬಿಚ್ಚುವ ಮೊದಲು ಅಂಚಿನ ಹತ್ತಿರ ಒಂದು ಇಂಚು ಹೊಲಿಗೆ ತೆಗೆದು ನೋಡಿದೆ. ರೇಷ್ಮೆಯಂಥ ಬಟ್ಟೆಯಲ್ಲಿ ಸೂಜಿಯ ತೂತು ಸಾಲಾಗಿ ಉಳಿದುಬಿಡುತ್ತದೆ, ಹಳೆಯ ಬ್ಲೌಸಾದರೆ ಬಣ್ಣದ ಗೆರೆಯೂ ಕಾಣುತ್ತದೆ. ಇದು ಹೊಸದು, ಉಗುರಿನಿಂದ ಉಜ್ಜಿ ಇಸ್ತ್ರಿ ಇಟ್ಟರೆ ತೂತು ಮುಚ್ಚಿಕೊಂಡವು. ಅದೃಷ್ಟಕ್ಕೆ ತೋಳಿನ ತುದಿಯಿಂದ ಕಂಕುಳು ದಾಟಿ ಸೊಂಟದವರೆಗೆ ಒಂದೇ ಹೊಲಿಗೆ ಇತ್ತು, ಅಸ್ತರಿಯೂ ಅದರಲ್ಲೇ ಸೇರಿತ್ತು. ತೋಳನ್ನು ಆಮೇಲೆ ಸುತ್ತ ಕೂಡಿಸಿದ್ದರೆ ಕಂಕುಳಿನಲ್ಲಿ ಅದನ್ನೂ ಬಿಚ್ಚಬೇಕಾಗುತ್ತಿತ್ತು. ಸೀಮೆಸುಣ್ಣದಲ್ಲಿ ಅರ್ಧ ಇಂಚು ಹೊರಗೆ ಗೆರೆ ಎಳೆದು, ಮೊದಲು ಹೊಸ ಹೊಲಿಗೆ ಹಾಕಿ, ಆಮೇಲೆ ಹಳೆಯದನ್ನು ಬಿಚ್ಚಿದೆ. ಹಳೆಯ ಹೊಲಿಗೆ ಹಿಡಿದಿರುವಾಗಲೇ ಹೊಸದು ಹಾಕಿದರೆ ಪದರಗಳು ಜಾರುವುದಿಲ್ಲ. ಅರ್ಧ ಗಂಟೆಯ ಕೆಲಸ.

ಅಕ್ಕ ಹಾಕಿಕೊಂಡು ಎರಡೂ ಕೈ ಎತ್ತಿ ನೋಡಿದರು, ಉಸಿರು ಎಳೆದು ನೋಡಿದರು. ಹುಕ್ಕು ಸಾಲಾಗಿ ನಿಂತವು. ಆಮೇಲೆ ಕುತ್ತಿಗೆಯ ಚೀಟಿ ಮುಟ್ಟಿ, "ಇದರಾಗ ಇನ್ನೂ ಮೂವತ್ತಾರ ಅಂತನ ಐತೆಲ್ಲ?" ಅಂದರು.

"ಇರಲಿ ಬಿಡ್ರಿ. ಆದರ ಮುಂದಿನ ಸಲ ಅಂಗಡ್ಯಾಗ ಆ ನಂಬರ್ ಹೇಳಬ್ಯಾಡ್ರಿ," ಅಂದೆ. ಅವರ ಮೊಬೈಲಿನಲ್ಲಿ ಮೂರು ಅಳತೆ ಬರೆದುಕೊಟ್ಟೆ: ಎದೆ 38, ತೋಳು 13, ಭುಜ 14. ಅದರ ಕೆಳಗೆ, ಬ್ಲೌಸ್ ಒಳಗಿಂದ 39 ಇರಬೇಕು, ಇಲ್ಲವೇ 37 ಇದ್ದು ಬದಿಯಲ್ಲಿ ಒಂದು ಇಂಚು, ತೋಳಿನಲ್ಲಿ ಮುಕ್ಕಾಲು ಇಂಚು ಮಾರ್ಜಿನ್ ಇರಬೇಕು ಎಂದು ಸೇರಿಸಿದೆ. ಈ ವರ್ಷ ಅವರು ಇನ್ನೊಂದು ತಂದರು, ಬೇರೆ ಅಂಗಡಿಯದು. ಚೀಟಿಯಲ್ಲಿ 40 ಎಂದಿತ್ತು. ಮುಖದಲ್ಲಿ ನಾಚಿಕೆ ಇರಲಿಲ್ಲ. ಅಂಗಡಿಯಲ್ಲೇ ಟೇಪು ಕೇಳಿ ಪಡೆದು, ಒಳಗಿನಿಂದ ಅಳೆದು 39 ಎಂದು ಖಾತ್ರಿ ಮಾಡಿಕೊಂಡು ತಂದಿದ್ದರು. ನನಗೆ ಹುಕ್ಕು ಗಟ್ಟಿ ಮಾಡುವ ಕೆಲಸ ಮಾತ್ರ ಉಳಿದಿತ್ತು.