ದೋಷವಿಲ್ಲದ ಹರಳೇ ಬೇಕೆಂಬ ಹಟ

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪಿನಡಿ ನೀಲದ ಹರಳನ್ನು ನಿಧಾನವಾಗಿ ಹೊರಳಿಸುತ್ತಿರುವಾಗ, ಒಳಗೆ ಕೂದಲಿಗಿಂತ ತೆಳ್ಳಗಿನ ಸೂಜಿಗಳು ಅರವತ್ತು ಡಿಗ್ರಿಯ ಕೋನದಲ್ಲಿ ಒಂದನ್ನೊಂದು ಹಾಯ್ದು ಮಿಂಚಿಬಿಟ್ಟರೆ, ಅದಕ್ಕಿಂತ ಸುಖ ಬೇರಿಲ್ಲ. ರೂಟೈಲ್ ಖನಿಜದ ಈ ಸೂಜಿಗಳಿಗೆ ಹರಳಿನವರು ಸಿಲ್ಕ್ ಅನ್ನುತ್ತಾರೆ. ನೆಲದೊಳಗೆ ಹುಟ್ಟಿದ ಕಲ್ಲೆಂಬುದಕ್ಕೆ ಅದೇ ಸಾಕ್ಷಿ. ಸೂಜಿಗಳು ಕರಗದೆ ಉಳಿದಿದ್ದರೆ ಕಲ್ಲಿಗೆ ಬಲವಾದ ಶಾಖ ಕೊಟ್ಟಿಲ್ಲವೆಂಬ ಸೂಚನೆಯೂ ಹೌದು. ಆದರೆ ಚನ್ನಗಿರಿಯಲ್ಲೋ ಜಗಳೂರಿನಲ್ಲೋ ಜ್ಯೋತಿಷಿ ಬರೆದುಕೊಟ್ಟ ಚೀಟಿಯಲ್ಲಿ ‘5 ರತ್ತಿ ನೀಲ, ದೋಷವಿಲ್ಲದ್ದು’ ಎಂದಿರುತ್ತದೆ. ಗಿರಾಕಿ ಆ ಸೂಜಿಗಳನ್ನೇ ದೋಷವೆಂದು ಹರಳನ್ನು ಹಿಂದಕ್ಕೆ ತಳ್ಳುತ್ತಾನೆ. ಅಂಗಡಿಯವನು ಕನ್ನಡಿಯಂತೆ ತಿಳಿಯಾದ ಇನ್ನೊಂದನ್ನು ಮುಂದಿಡುತ್ತಾನೆ. ಅದು ಹೆಚ್ಚಾಗಿ ಜ್ವಾಲೆಯಲ್ಲಿ ಪುಡಿ ಕರಗಿಸಿ ಬೆಳೆಸಿದ್ದು. ಫ್ರಾನ್ಸಿನ ವೆರ್ನಾಯ್ 1902ರಲ್ಲಿ ಹೊರಗೆಡವಿದ ವಿಧಾನ. ಗಡಸುತನ, ತೂಕ, ಹೊಳಪು ಎಲ್ಲ ಅಸಲಿಯದ್ದೇ, ಬೆಲೆಯೊಂದು ಬಿಟ್ಟು.

ಶಾಸ್ತ್ರವೇ ದೋಷ ಬೇಡ ಎನ್ನುತ್ತದಲ್ಲ ಎಂದು ಕೇಳಬಹುದು. ಹಳೆಯ ರತ್ನಪರೀಕ್ಷೆ ಬರಿಗಣ್ಣಿನದು. ಬಿರುಕು, ಮಸುಕು, ಕಲೆ ಅದಕ್ಕೆ ದೋಷ. ಲೂಪಿನಲ್ಲಿ ಮಾತ್ರ ಕಾಣುವ ಸೂಜಿಯನ್ನು ಆ ಪಟ್ಟಿಗೆ ಸೇರಿಸಿದ್ದು ನಾವು. ಹಾಲಿಗೆ ಹಾಕಿದರೆ ಹಾಲು ನೀಲಿಯಾಗಬೇಕು, ದಿಂಬಿನಡಿ ಇಟ್ಟರೆ ಕನಸು ಬೀಳಬೇಕು ಎನ್ನುವವರ ಮೇಲೆ ಮಾತ್ರ ನನಗೆ ನಿಜಕ್ಕೂ ಸಿಟ್ಟು. ಹಾಲಿನಲ್ಲಿ ನೀಲಿ ಗಾಜೂ ಹಾಗೇ ಕಾಣುತ್ತದೆ. ಕನಸಂತೂ ದುಡ್ಡು ಹೋದ ಚಿಂತೆಗೂ ಬೀಳುತ್ತದೆ! ಹಾಲು ಬಿಟ್ಟು ನೀರು ತೆಗೆದುಕೊಳ್ಳಿ. ಬಿಳಿ ಕಾಗದದ ಮೇಲೆ ಗಾಜಿನ ಬಟ್ಟಲಿಟ್ಟು ನೀಲವನ್ನು ಮುಳುಗಿಸಿ, ಬೇರೆ ಬೇರೆ ಮಗ್ಗುಲಿಗೆ ತಿರುಗಿಸಿ ನೋಡಿ. ಬಣ್ಣದ ಪಟ್ಟೆ ನೇರವಾಗಿ, ಮೂಲೆಯಲ್ಲಿ ಕೋನವಾಗಿ ಮುರಿದರೆ ಅದು ಜ್ವಾಲೆಯಲ್ಲಿ ಬೆಳೆಸಿದ್ದಲ್ಲ. ಬಿಲ್ಲಿನಂತೆ ಬಾಗಿದ್ದರೆ ಜ್ವಾಲೆಯದು. ಪಟ್ಟೆಯೇ ಕಾಣದಿದ್ದರೆ ಈ ಪರೀಕ್ಷೆಯಿಂದ ಏನೂ ತೀರ್ಮಾನವಾಗದು.

ಮಾಣಿಕ್ಯದಲ್ಲಿ ಮೋಸದ ದಾರಿ ಬೇರೆ. ಕಲ್ಲು ನೆಲದ್ದೇ, ಆದರೆ ಬಿರುಕು ತುಂಬ ಸೀಸದ ಗಾಜು. ಓರೆ ಮಾಡಿದಾಗ ಬಿರುಕಿನಲ್ಲಿ ನೀಲಿ ಛಾಯೆ ಮಿಂಚಿ ಮಾಯವಾಗುತ್ತದೆ, ಚಪ್ಪಟೆ ಗುಳ್ಳೆಗಳು ಕಾಣುತ್ತವೆ. ಇಂಥ ಹರಳಿಗೆ ನಿಂಬೆರಸ ತಾಗಿದರೂ ಗಾಜು ಸವೆಯುತ್ತದೆ. ಉಂಗುರ ಬೆಸೆಯುವ ಬೆಂಕಿ ತಾಗಿದರಂತೂ ಮುಗಿಯಿತು. ಸರ್ಟಿಫಿಕೇಟ್ ಇದೆಯಲ್ಲ ಎಂದು ಸಮಾಧಾನಪಡಬೇಡಿ: ಮೇಲೆ ‘ನ್ಯಾಚುರಲ್’ ಎಂದಿದ್ದು ಗಾಜಿನ ಮಾತು ಕೆಳಗಿನ ಷರಾದಲ್ಲಿ ಅಡಗಿರಬಹುದು. ಹಾಲ್‌ಮಾರ್ಕ್ ಇದೆಯೆಂದೂ ಬೇಡ, ಅದು ಲೋಹದ ಶುದ್ಧತೆಗೆ ಮಾತ್ರ. ರತ್ತಿಯ ಲೆಕ್ಕವೂ ಎರಡು ಬಗೆ: ಸುಮಾರು 0.91 ಕ್ಯಾರೆಟ್ಟಿನದು ಒಂದು, 0.61ರ ಆಸುಪಾಸಿನದು ಇನ್ನೊಂದು. 5 ರತ್ತಿ ಎಂದರೆ ಒಬ್ಬನಿಗೆ ನಾಲ್ಕೂವರೆ ಕ್ಯಾರೆಟ್, ಇನ್ನೊಬ್ಬನಿಗೆ ಮೂರು.

ಆದ್ದರಿಂದ ಹೊನ್ನಾಳಿಯಲ್ಲಾಗಲಿ ನ್ಯಾಮತಿಯಲ್ಲಾಗಲಿ, ಉಂಗುರಕ್ಕೆ ಕೂರಿಸುವ ಮೊದಲು ಬಿಡಿ ಹರಳನ್ನೇ ಕ್ಯಾರೆಟ್ಟಿನಲ್ಲಿ ತೂಗಿಸಿ, ಆ ತೂಕ ಮತ್ತು ಅಳತೆ ವರದಿಗೆ ಹೊಂದುತ್ತದೆಯೇ ನೋಡಿ, ವರದಿಯ ಸಂಖ್ಯೆಯನ್ನು ಪ್ರಯೋಗಾಲಯದ ಜಾಲತಾಣದಲ್ಲಿ ನೀವೇ ಪರಿಶೀಲಿಸಿ. ಶಾಖ, ಗಾಜು ಏನಿದ್ದರೂ ಬಿಲ್ಲಿನಲ್ಲಿ ಬರೆಸಿ. ನಿಮ್ಮ ಆಯ್ಕೆಯ ಪ್ರಯೋಗಾಲಯ ಬೇರೆ ಮಾತು ಹೇಳಿದರೆ ಹಣ ವಾಪಸ್ ಎಂಬುದನ್ನೂ ಬರೆಸಿ. ಬರೆಯಲು ಒಪ್ಪದವನ ಹತ್ತಿರ ಕೊಳ್ಳಬೇಡಿ.